ಬಿಪಿ ಇಳಿದಿದೆ, ಇನ್ನು ಮಾತ್ರೆ ಯಾಕೆ?

"ಬಿಪಿ ಸರಿಹೋಯ್ತು. ಇನ್ನು ಮಾತ್ರೆ ಯಾಕೆ?"

ಈ ಮಾತನ್ನು ನಾವು ಬಹಳ ಜನರ ಬಾಯಲ್ಲಿ ಕೇಳಿದ್ದೇವೆ. ಕೇಳುವುದರಲ್ಲಿ ತಪ್ಪೇನೂ ಇಲ್ಲ. ಜ್ವರ ಬಿಟ್ಟ ಮೇಲೆ ಯಾರೂ ಜ್ವರದ ಮಾತ್ರೆ ನುಂಗುವುದಿಲ್ಲ. ತಲೆನೋವು ಹೋದ ಮೇಲೆ ತಲೆನೋವಿನ ಮಾತ್ರೆ ಬೇಡ. ಹಾಗಾದರೆ ಬಿಪಿಗೆ ಮಾತ್ರ ಯಾಕೆ ಬೇರೆ ಲೆಕ್ಕ?

ಇದನ್ನು ತಿಳಿಯೋಣ. ಅದಕ್ಕೆ ಮೊದಲು ಒಬ್ಬ ಅಣ್ಣನ ಕತೆ ಕೇಳೋಣ.

ಮಿಲ್ಲಣ್ಣನ ಕತೆ

ಅದು ತಿಪಟೂರು ಕಡೆಯ ಒಂದು ಹಳ್ಳಿ. ಅಲ್ಲಿ ಒಬ್ಬರು ರಾಗಿ ಮಿಲ್ಲು ನಡೆಸುತ್ತಾರೆ. ಊರಿನವರೆಲ್ಲ ಅವರನ್ನು ಮಿಲ್ಲಣ್ಣ ಅಂತಲೇ ಕರೀತಾರೆ. ನಾವೂ ಹಾಗೇ ಕರೆಯೋಣ. ವಯಸ್ಸು 47. ಗಟ್ಟಿ ಆಳು. ಐವತ್ತು ಕೆಜಿ ಚೀಲವನ್ನು ಒಬ್ಬರೇ ಎತ್ತಿ ಇಡುತ್ತಾರೆ.

ಒಂದು ದಿನ ಊರಿನ ಶಾಲೆಯ ಹತ್ತಿರ ಆರೋಗ್ಯ ತಪಾಸಣೆ ಇತ್ತು. ಆಶಾ ಅಕ್ಕ ಮಿಲ್ಲಿಗೇ ಬಂದು ಕರೆದರು.

"ಬನ್ನಿ ಅಣ್ಣ, 30 ವರ್ಷ ದಾಟಿದವರೆಲ್ಲ ಬಿಪಿ ನೋಡಿಸ್ಕೋಬೇಕು."

"ನಂಗೇನಾಗಿದೆ ಅಂತ ನೋಡ್ತೀಯಮ್ಮ?" ಅಂತ ನಗುತ್ತಲೇ ಹೋದರು.

ಸಿಸ್ಟರ್ ತೋಳಿಗೆ ಪಟ್ಟಿ ಕಟ್ಟಿ ನೋಡಿದರು. 160 ಮೇಲೆ, 100 ಕೆಳಗೆ. ಐದು ನಿಮಿಷ ಕೂರಿಸಿ ಮತ್ತೆ ನೋಡಿದರು. 158 ಮೇಲೆ, 98 ಕೆಳಗೆ. ಒಂದು ದಿನದ ಲೆಕ್ಕ ಸಾಲದು ಅಂತ ಮುಂದಿನ ವಾರ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಕರೆಸಿದರು. ಅಲ್ಲೂ ಅಷ್ಟೇ ಬಂತು. ಡಾಕ್ಟರು ರಕ್ತ, ಮೂತ್ರ ಪರೀಕ್ಷೆ ಮಾಡಿಸಿದರು. ಆಮೇಲೆ ಅಮ್ಲೋಡಿಪಿನ್ ಅನ್ನುವ ಮಾತ್ರೆ ಬರೆದರು. 5 ಮಿಲಿಗ್ರಾಂ, ದಿನಕ್ಕೆ ಒಂದು. ಊಟದಲ್ಲಿ ಉಪ್ಪು ಕಡಿಮೆ ಮಾಡಿ ಅಂದರು. ಬೀಡಿ ಬಿಡಿ ಅಂದರು.

ಮಿಲ್ಲಣ್ಣ ಹೇಳಿದ ಹಾಗೆ ನಡೆದುಕೊಂಡರು. ಒಂದು ತಿಂಗಳಿಗೆ ಬಿಪಿ 136 ಮೇಲೆ, 86 ಕೆಳಗೆ ಬಂತು. ಡಾಕ್ಟರು "ಸರಿಯಾದ ದಾರಿಯಲ್ಲಿದೆ, ಮುಂದುವರಿಸಿ" ಅಂದರು. ಇನ್ನೊಂದು ತಿಂಗಳ ಮಾತ್ರೆ ಕೊಟ್ಟರು.

ಎರಡು ಅಂಕಿಗಳ ಅರ್ಥ

ಮುಂದೆ ಹೋಗುವ ಮೊದಲು ಈ ಎರಡು ಅಂಕಿ ಏನು ಅಂತ ತಿಳಿಯೋಣ.

ತೋಟಕ್ಕೆ ಪಂಪಿನಿಂದ ನೀರು ಬಿಡೋದನ್ನ ನೀವು ನೋಡಿದ್ದೀರಿ. ನೀರು ಪೈಪಿನ ಗೋಡೆಯನ್ನು ಒಳಗಿನಿಂದ ಒತ್ತುತ್ತದೆ. ನಮ್ಮ ಮೈಯಲ್ಲಿ ಹೃದಯವೇ ಪಂಪು. ರಕ್ತನಾಳಗಳೇ ಪೈಪು. ರಕ್ತ ಹರಿಯುವಾಗ ನಾಳದ ಗೋಡೆಯನ್ನು ಒತ್ತುತ್ತದೆ. ಆ ಒತ್ತಡವೇ ರಕ್ತದೊತ್ತಡ, ಅಂದರೆ ಬಿಪಿ.

ಹೃದಯ ಹಿಂಡಿದಾಗ ಒತ್ತಡ ಹೆಚ್ಚು. ಅದು ಮೇಲಿನ ಅಂಕಿ. ಹೃದಯ ಸಡಿಲವಾದಾಗ ಒತ್ತಡ ಕಡಿಮೆ. ಅದು ಕೆಳಗಿನ ಅಂಕಿ. ಆಸ್ಪತ್ರೆಯಲ್ಲಿ ನೋಡಿದಾಗ ಮೇಲಿನದು 140 ಅಥವಾ ಅದಕ್ಕಿಂತ ಜಾಸ್ತಿ, ಇಲ್ಲವೆ ಕೆಳಗಿನದು 90 ಅಥವಾ ಅದಕ್ಕಿಂತ ಜಾಸ್ತಿ ಬರಬಹುದು. ಬೇರೆ ಬೇರೆ ದಿನ ನೋಡಿದರೂ ಹಾಗೇ ಬಂದರೆ ಅದು ಬಿಪಿ ಕಾಯಿಲೆ. ಎರಡರಲ್ಲಿ ಒಂದು ಅಂಕಿ ಹೆಚ್ಚಿದ್ದರೂ ಸಾಕು.

ಮನೆಗೆ ಮೆಷಿನ್ ಬಂತು

ಮಿಲ್ಲಣ್ಣನ ಮಗ ಬೆಂಗಳೂರಿನಲ್ಲಿ ಕೆಲಸದಲ್ಲಿದ್ದಾನೆ. ಹಬ್ಬಕ್ಕೆ ಬರುವಾಗ ಅಪ್ಪನಿಗೆ ಬಿಪಿ ನೋಡುವ ಮೆಷಿನ್ ತಂದ. ತೋಳಿಗೆ ಪಟ್ಟಿ ಸುತ್ತಿ ಗುಂಡಿ ಒತ್ತಿದರೆ ಅಂಕಿ ಕಾಣುತ್ತದೆ.

ಮಿಲ್ಲಣ್ಣನಿಗೆ ಖುಷಿಯಾಯಿತು. ದಿನಾ ಮಧ್ಯಾಹ್ನ ಊಟ ಮಾಡಿ, ಅರ್ಧ ಗಂಟೆ ಮಲಗಿ, ಎದ್ದು ಬಿಪಿ ನೋಡಿಕೊಳ್ಳುತ್ತಿದ್ದರು. ಬಂದದ್ದನ್ನು ಮಿಲ್ಲಿನ ಲೆಕ್ಕದ ಪುಸ್ತಕದ ಕೊನೆಯ ಹಾಳೆಯಲ್ಲಿ ಬರೆದಿಡುತ್ತಿದ್ದರು.

ಸೋಮವಾರ 126, 80.
ಮಂಗಳವಾರ 124, 78.
ಬುಧವಾರ 128, 80.
ಗುರುವಾರ 126, 78.

ಶುಕ್ರವಾರ ಹೆಂಡತಿಯನ್ನು ಕರೆದರು.

"ನೋಡೇ, ನಂಗೆ ಬಿಪಿನೇ ಇಲ್ಲ. ನಾಲ್ಕು ದಿನದಿಂದ ನಾರ್ಮಲ್. ಸುಮ್ನೆ ಮಾತ್ರೆ ನುಂಗ್ತಾ ಇದ್ದೀನಿ."

"ಡಾಕ್ಟ್ರನ್ನ ಒಂದ್ಸಲ ಕೇಳ್ಬಾರ್ದೇನ್ರೀ?"

"ಕೇಳಿದ್ರೆ ಅವರು ನುಂಗು ಅಂತಲೇ ಹೇಳ್ತಾರೆ. ಮೆಷಿನ್ ಸುಳ್ಳು ಹೇಳುತ್ತಾ?"

ಆವತ್ತಿಂದ ಮಾತ್ರೆ ನಿಲ್ಲಿಸಿದರು. ಆದರೆ ಮಿಲ್ಲಣ್ಣ ಲೆಕ್ಕದ ಮನುಷ್ಯ. ಸುಮ್ಮನೆ ಬಿಡಲಿಲ್ಲ. ಪರೀಕ್ಷೆ ಮಾಡಿ ನೋಡಿದರು. ಮಾತ್ರೆ ಬಿಟ್ಟ ಮೊದಲನೆಯ ದಿನ 126, 80. ಎರಡನೆಯ ದಿನ 128, 80. ಮೂರನೆಯ ದಿನ 130, 82.

"ಕಂಡ್ಯಾ? ಮಾತ್ರೆ ಬಿಟ್ರೂ ಬಿಪಿ ಏರಲಿಲ್ಲ" ಅಂದರು. ಮೆಷಿನ್ನನ್ನು ಡಬ್ಬಿಗೆ ಹಾಕಿ ಬೀರುವಿನ ಮೇಲಿಟ್ಟರು. ಅದನ್ನು ಮತ್ತೆ ಇಳಿಸಲಿಲ್ಲ. ತಿಂಗಳ ಮಾತ್ರೆಗೆ ಆರೋಗ್ಯ ಕೇಂದ್ರಕ್ಕೂ ಹೋಗಲಿಲ್ಲ.

ಇಲ್ಲಿ ಮಿಲ್ಲಣ್ಣನ ಲೆಕ್ಕ ಎಲ್ಲಿ ತಪ್ಪಿತು? ಮೆಷಿನ್ ಸುಳ್ಳು ಹೇಳಿತೇ? ಇಲ್ಲ. ಮೆಷಿನ್ ಹೇಳಿದ್ದು ನಿಜ. ಅದನ್ನು ಮಿಲ್ಲಣ್ಣ ಓದಿಕೊಂಡದ್ದು ತಪ್ಪು.

ಮೆಷಿನ್ ಯಾರ ಅಂಕಿ ತೋರಿಸುತ್ತದೆ?

ಆರು ವಾರ ಕಳೆಯಿತು. ಮಾತ್ರೆಗೆ ಬಾರದವರ ಪಟ್ಟಿ ಹಿಡಿದು ಸಿಸ್ಟರ್ ಮನೆಗೇ ಬಂದರು. ಮಿಲ್ಲಣ್ಣ ನಡೆದದ್ದನ್ನೆಲ್ಲ ಹೇಳಿದರು. ಲೆಕ್ಕದ ಪುಸ್ತಕ ತೋರಿಸಿದರು. ಸಿಸ್ಟರ್ ಬೈಯಲಿಲ್ಲ.

"ಮೊದಲು ಒಂದ್ಸಲ ನೋಡೋಣ ಬನ್ನಿ ಅಣ್ಣ. ನಿಮ್ಮ ಮೆಷಿನ್ನಲ್ಲೇ ನೋಡೋಣ."

ಐದು ನಿಮಿಷ ಸುಮ್ಮನೆ ಕೂರಿಸಿ ನೋಡಿದರು. 162, 100. ಒಂದು ನಿಮಿಷ ಬಿಟ್ಟು ಮತ್ತೆ ನೋಡಿದರು. 160, 100.

ಮಿಲ್ಲಣ್ಣನ ಮುಖ ಸಣ್ಣದಾಯಿತು. "ಇದೇನು ಸಿಸ್ಟರ್? ನಂಗೆ ತಲೆನೋವಿಲ್ಲ, ಸುಸ್ತಿಲ್ಲ. ಬೆಳಿಗ್ಗೆ ಹತ್ತು ಮೂಟೆ ಇಳಿಸಿದ್ದೀನಿ."

ಆಗ ಸಿಸ್ಟರ್ ಹೊರಗೆ ತೋರಿಸಿದರು. ಮಿಲ್ಲಿನ ಮುಂದೆ ರಸ್ತೆ ಇಳಿಜಾರು. ಅಲ್ಲೊಂದು ಎತ್ತಿನ ಗಾಡಿ ನಿಂತಿತ್ತು. ಎತ್ತು ಬಿಚ್ಚಿದ್ದರು. ಚಕ್ರಕ್ಕೆ ಒಂದು ಕಲ್ಲು ಕೊಟ್ಟಿದ್ದರು.

"ಆ ಗಾಡಿ ಯಾಕೆ ಉರುಳ್ತಾ ಇಲ್ಲ ಅಣ್ಣ?"

"ಕಲ್ಲು ಕೊಟ್ಟಿದ್ದಾರಲ್ಲ."

"ಗಾಡಿ ನಿಂತೇ ಇದೆ, ಇನ್ನು ಕಲ್ಲು ಯಾಕೆ ಅಂತ ತೆಗೆದ್ರೆ?"

ಮಿಲ್ಲಣ್ಣ ಉತ್ತರ ಹೇಳಲಿಲ್ಲ. ಅರ್ಥವಾಗಿತ್ತು.

"ನಿಮ್ಮ ಪುಸ್ತಕದಲ್ಲಿ 126 ಅಂತ ಬರೆದಿದೆಯಲ್ಲ, ಅದು ಕಲ್ಲು ಕೊಟ್ಟು ನಿಲ್ಲಿಸಿದ ಗಾಡಿ. ಬರೀ ನಿಮ್ಮ ಬಿಪಿ ಅಲ್ಲ. ಮಾತ್ರೆ ತಗೊಂಡಾಗಿನ ನಿಮ್ಮ ಬಿಪಿ. ಕಾಯಿಲೆ ಹೋಗಿದೆ ಅಂತ ಅದು ಹೇಳ್ತಾ ಇಲ್ಲ. ಮಾತ್ರೆ ಕೆಲಸ ಮಾಡ್ತಾ ಇದೆ ಅಂತ ಹೇಳ್ತಾ ಇದೆ."

ಸಿಸ್ಟರ್ ಹೇಳಿದ ಈ ಮಾತೇ ಈ ಪಾಠದ ಮುಖ್ಯ ಮಾತು.

ಜ್ವರದ ಮಾತ್ರೆ ಬೇರೆ, ಬಿಪಿ ಮಾತ್ರೆ ಬೇರೆ

ಜ್ವರ ಬಂದಾಗ ಮೈಯೊಳಗೆ ರೋಗಾಣು ಹೊಕ್ಕಿರುತ್ತದೆ. ಕೆಲವು ದಿನಕ್ಕೆ ಮೈ ತಾನೇ ಆ ರೋಗಾಣುವನ್ನು ಸೋಲಿಸುತ್ತದೆ. ಇಲ್ಲವೆ ಔಷಧಿ ಅದನ್ನು ಕೊಲ್ಲುತ್ತದೆ. ಆಗ ಜ್ವರದ ಕಾರಣವೇ ಹೋಯಿತು. ಮತ್ತೆ ಮಾತ್ರೆ ಬೇಕಾಗಿಲ್ಲ.

ಬಿಪಿಯಲ್ಲಿ ಹಾಗಲ್ಲ. ಇಲ್ಲಿ ರೋಗಾಣು ಇಲ್ಲ. ವಯಸ್ಸಾದಂತೆ ರಕ್ತನಾಳದ ಗೋಡೆ ಬಿರುಸಾಗುತ್ತದೆ. ಕೆಲವರಿಗೆ ಇದು ಅಪ್ಪ ಅಮ್ಮನಿಂದ ಬಂದ ಗುಣ. ಉಪ್ಪು, ತೂಕ, ಹೆಂಡ ಇವೂ ಸೇರಿಕೊಳ್ಳುತ್ತವೆ. ಬಹಳ ಜನರಲ್ಲಿ ಇಂಥದೇ ಒಂದು ಕಾರಣ ಅಂತ ಬೆರಳಿಟ್ಟು ತೋರಿಸಲು ಆಗುವುದಿಲ್ಲ. ಮಾತ್ರೆ ಈ ಕಾರಣಗಳನ್ನು ಕಿತ್ತು ಹಾಕುವುದಿಲ್ಲ.

ಹಾಗಾದರೆ ಮಾತ್ರೆ ಏನು ಮಾಡುತ್ತದೆ? ರಕ್ತನಾಳದ ಗೋಡೆಯಲ್ಲಿ ಸಣ್ಣ ಸಣ್ಣ ಸ್ನಾಯುಗಳಿವೆ. ಅವು ಬಿಗಿದರೆ ನಾಳ ಕಿರಿದಾಗುತ್ತದೆ. ಒತ್ತಡ ಏರುತ್ತದೆ. ಅಮ್ಲೋಡಿಪಿನ್ ಮಾತ್ರೆ ಆ ಸ್ನಾಯುಗಳನ್ನು ಸಡಿಲ ಮಾಡುತ್ತದೆ. ನಾಳ ಅಗಲವಾಗುತ್ತದೆ. ಒತ್ತಡ ಇಳಿಯುತ್ತದೆ. ಮಾತ್ರೆಯ ಅಂಶ ರಕ್ತದಲ್ಲಿ ಇರುವ ತನಕ ನಾಳ ಸಡಿಲ. ಅದು ಹೊರಟು ಹೋದರೆ ನಾಳ ಮತ್ತೆ ಬಿಗಿ.

ಮೂರು ದಿನ ಮೋಸ ಮಾಡಿದ್ದು ಯಾಕೆ?

ಈಗ ಒಂದು ಪ್ರಶ್ನೆ ಉಳಿಯಿತು. ಮಾತ್ರೆ ಬಿಟ್ಟ ಮೂರು ದಿನವೂ ಬಿಪಿ ಏರಲಿಲ್ಲವಲ್ಲ, ಯಾಕೆ?

ಅಮ್ಲೋಡಿಪಿನ್ ನಿಧಾನದ ಮಾತ್ರೆ. ಮೈಯಿಂದ ಬೇಗ ಹೊರಗೆ ಹೋಗುವುದಿಲ್ಲ. ದಿನಾ ನುಂಗುತ್ತಾ ಬಂದವರು ಇವತ್ತು ಬಿಟ್ಟರೆ, ನಾಳೆ ಹೊತ್ತಿಗೆ ಅರ್ಧಕ್ಕಿಂತ ಜಾಸ್ತಿ ಅಂಶ ರಕ್ತದಲ್ಲಿ ಇನ್ನೂ ಇರುತ್ತದೆ. ನಾಡಿದ್ದು ಇನ್ನಷ್ಟು ಇಳಿಯುತ್ತದೆ. ಹೀಗೆ ಪೂರ್ತಿ ಖಾಲಿಯಾಗಲು ಒಂದು ವಾರದಿಂದ ಹತ್ತು ದಿನ ಬೇಕು.

ಮಿಲ್ಲಣ್ಣ ಆ ಮೂರು ದಿನ ನೋಡಿದ್ದು ಮಾತ್ರೆ ಇಲ್ಲದ ಬಿಪಿಯನ್ನಲ್ಲ. ಹಳೆಯ ಮಾತ್ರೆ ಉಳಿದಿದ್ದ ಬಿಪಿಯನ್ನು. ಒಲೆಯಿಂದ ಸೌದೆ ಎಳೆದ ಮೇಲೂ ಹಂಡೆಯ ನೀರು ಸ್ವಲ್ಪ ಹೊತ್ತು ಬಿಸಿ ಇರುತ್ತದೆ. ಹಾಗೇ ಇದು. ಅವರ ಪುಸ್ತಕವನ್ನು ಸರಿಯಾಗಿ ನೋಡಿದರೆ ಅಲ್ಲೇ ಸುಳಿವಿತ್ತು. 126 ಇದ್ದದ್ದು 128 ಆಯಿತು. 128 ಇದ್ದದ್ದು 130 ಆಯಿತು. ಗಾಡಿ ಆಗಲೇ ನಿಧಾನಕ್ಕೆ ಹೊರಟಿತ್ತು. ಅದು ಓಟ ಹಿಡಿಯುವ ಹೊತ್ತಿಗೆ ಮೆಷಿನ್ ಬೀರುವಿನ ಮೇಲಿತ್ತು.

ಎಲ್ಲ ಬಿಪಿ ಮಾತ್ರೆಗಳೂ ಹೀಗೆ ನಿಧಾನವಲ್ಲ. ಅಟೆನೊಲಾಲ್, ಮೆಟೊಪ್ರೊಲಾಲ್ ಅನ್ನುವ ಮಾತ್ರೆಗಳಿವೆ. ಅವುಗಳನ್ನು ಥಟ್ಟನೆ ನಿಲ್ಲಿಸಿದರೆ ಎದೆ ಬಡಿತ ಜೋರಾಗಬಹುದು. ಹೃದಯದ ತೊಂದರೆ ಇದ್ದವರಿಗೆ ಎದೆನೋವೂ ಬರಬಹುದು. ಅಂಥ ಮಾತ್ರೆಯನ್ನು ಬಿಡಬೇಕಾದರೆ ಡಾಕ್ಟರೇ ಸ್ವಲ್ಪ ಸ್ವಲ್ಪವಾಗಿ ಬಿಡಿಸುತ್ತಾರೆ.

ನೋವಿಲ್ಲ ಅಂದರೆ ಕಾಯಿಲೆ ಇಲ್ಲ ಅಂತಲ್ಲ

ಮಿಲ್ಲಣ್ಣ ಕೇಳಿದ ಇನ್ನೊಂದು ಮಾತು ನೆನಪಿದೆಯೇ? "ತಲೆನೋವಿಲ್ಲ, ಸುಸ್ತಿಲ್ಲ" ಅಂದರು.

ಬಿಪಿ ಏರಿದರೆ ತಲೆ ಸುತ್ತುತ್ತದೆ, ಕಣ್ಣು ಕೆಂಪಾಗುತ್ತದೆ, ಸಿಟ್ಟು ಬರುತ್ತದೆ ಅಂತ ಬಹಳ ಜನ ತಿಳಿದಿದ್ದಾರೆ. ಅದು ನಿಜವಲ್ಲ. 160 ಇದ್ದರೂ ಹೆಚ್ಚಿನವರಿಗೆ ಏನೂ ಗೊತ್ತಾಗುವುದಿಲ್ಲ. ಪೈಪಿನೊಳಗೆ ಒತ್ತಡ ಎಷ್ಟಿದೆ ಅಂತ ಹೊರಗೆ ನಿಂತು ನೋಡಿದರೆ ಕಾಣುತ್ತದೆಯೇ? ಜಾಯಿಂಟು ಸೋರಿದ ಮೇಲೆ ಕಾಣುತ್ತದೆ.

ಒತ್ತಡ ಹೆಚ್ಚಿದ್ದಷ್ಟು ದಿನವೂ ಒಳಗೆ ಕೆಲಸ ಕೆಡುತ್ತಿರುತ್ತದೆ. ಹೃದಯ ಜೋರಾಗಿ ತಳ್ಳಿ ತಳ್ಳಿ ಅದರ ಗೋಡೆ ದಪ್ಪವಾಗುತ್ತದೆ. ಮೂತ್ರಪಿಂಡದ ಸಣ್ಣ ನಾಳಗಳು ಹಾಳಾಗುತ್ತವೆ. ಕಣ್ಣಿನ ಒಳಪರದೆ ಕೆಡಬಹುದು. ಮಿದುಳಿನ ನಾಳ ಕಟ್ಟಿಕೊಂಡರೆ ಅಥವಾ ಒಡೆದರೆ ಲಕ್ವ ಹೊಡೆಯುತ್ತದೆ. ಇದೆಲ್ಲ ಒಂದು ದಿನದಲ್ಲಿ ಆಗುವುದಿಲ್ಲ. ವರ್ಷಗಟ್ಟಲೆ ಸದ್ದಿಲ್ಲದೆ ಆಗುತ್ತದೆ.

ಈ ಮಾತು ಬಂದಾಗ ಮಿಲ್ಲಣ್ಣನ ಹೆಂಡತಿ ಬಾಗಿಲ ಹತ್ತಿರ ನಿಂತಿದ್ದರು.

"ನಮ್ಮ ಭಾವನೋರಿಗೂ ಹಿಂಗೇ ಆಗಿದ್ದು ಸಿಸ್ಟರ್" ಅಂದರು. "ಮಾತ್ರೆ ತಗೊಂಡಿದ್ರು, ಚೆನ್ನಾಗಿದ್ದೀನಿ ಅಂತ ಬಿಟ್ರು. ಬೆಳಿಗ್ಗೆ ಹಾಲು ಕರೆಯೋಕೆ ಹೋದವರು ಕೊಟ್ಟಿಗೆಲೇ ಬಿದ್ರು. ಬಲಗೈ ಬಲಗಾಲು ಹೋಯ್ತು. ಇವತ್ತಿಗೂ ನಮ್ಮಕ್ಕನೇ ಊಟ ಮಾಡಿಸ್ಬೇಕು."

ಮಿಲ್ಲಣ್ಣ ತಲೆ ತಗ್ಗಿಸಿದರು. ಬಿದ್ದವರು ಅವರ ಸ್ವಂತ ಅಣ್ಣ. ಆ ಮನೆಗೆ ವಾರಕ್ಕೆರಡು ಸಲ ಹೋಗಿ ಬರುತ್ತಾರೆ. ಆದರೂ ತಮ್ಮ ಮಾತ್ರೆಗೂ ಆ ಮಂಚಕ್ಕೂ ಸಂಬಂಧವಿದೆ ಅಂತ ಅವರಿಗೆ ಹೊಳೆದಿರಲಿಲ್ಲ.

ಲಕ್ವದ ಗುರುತು ಎಲ್ಲರಿಗೂ ಗೊತ್ತಿರಲಿ. ಇದ್ದಕ್ಕಿದ್ದ ಹಾಗೆ ಬಾಯಿ ಒಂದು ಕಡೆ ಸೊಟ್ಟಗಾಗುವುದು. ಒಂದು ಕೈ ಅಥವಾ ಕಾಲು ಸೋಲುವುದು. ಮಾತು ತೊದಲುವುದು. ಇದರಲ್ಲಿ ಒಂದು ಕಂಡರೂ ಕೂಡಲೇ 108ಕ್ಕೆ ಫೋನು ಮಾಡಿ. ಯಾವ ಹೊತ್ತಿಗೆ ಶುರುವಾಯಿತು ಅಂತ ನೆನಪಿಟ್ಟುಕೊಳ್ಳಿ. ರಕ್ತ ಹೆಪ್ಪುಗಟ್ಟಿ ಆದ ಲಕ್ವಕ್ಕೆ ಹೆಪ್ಪು ಕರಗಿಸುವ ಇಂಜೆಕ್ಷನ್ ಇದೆ. ಅದನ್ನು ನಾಲ್ಕೂವರೆ ಗಂಟೆಯೊಳಗೆ ಕೊಡಬೇಕು. ನಾಟಿ ಔಷಧಿ, ಎಣ್ಣೆ ತಿಕ್ಕುವುದು ಅಂತ ಹೊತ್ತು ಕಳೆಯಬೇಡಿ.

ಹಾಗಾದರೆ ಮನೆಯ ಮೆಷಿನ್ ಬೇಡವೇ?

ಬೇಕು. ಮನೆಯ ಮೆಷಿನ್ ಒಳ್ಳೆಯ ಸಾಮಾನು. ಕೆಲವರಿಗೆ ಡಾಕ್ಟರ ಮುಂದೆ ಕೂತರೇ ಬಿಪಿ ಏರುತ್ತದೆ. ಮನೆಯಲ್ಲಿ ನೋಡಿದರೆ ಅಂಥವರ ಸರಿಯಾದ ಲೆಕ್ಕ ಸಿಗುತ್ತದೆ. ಆದರೆ ನೋಡುವ ರೀತಿ ಸರಿಯಾಗಿರಬೇಕು.

ಮಿಲ್ಲಣ್ಣ ನೋಡುತ್ತಿದ್ದದ್ದು ಮಧ್ಯಾಹ್ನ, ಉಂಡು ಮಲಗಿ ಎದ್ದ ಮೇಲೆ. ಉಂಡ ಮೇಲೆ ಬಿಪಿ ಸ್ವಲ್ಪ ಇಳಿಯುತ್ತದೆ. ಮಲಗಿದಾಗಲೂ ಇಳಿಯುತ್ತದೆ. ಬೆಳಿಗ್ಗೆ ನುಂಗಿದ ಮಾತ್ರೆಯ ಬಲವೂ ಆ ಹೊತ್ತಿಗೆ ಚೆನ್ನಾಗಿರುತ್ತದೆ. ಅಂದರೆ ದಿನದಲ್ಲಿ ಬಿಪಿ ತೀರ ಕಡಿಮೆ ಇರುವ ಹೊತ್ತನ್ನೇ ಅವರು ಆರಿಸಿಕೊಂಡಿದ್ದರು. ಬೇಕಂತ ಅಲ್ಲ, ಪುರಸೊತ್ತು ಸಿಗುತ್ತಿದ್ದದ್ದೇ ಆಗ.

ಸಿಸ್ಟರ್ ಅವರಿಗೆ ಸರಿಯಾದ ರೀತಿ ಹೇಳಿಕೊಟ್ಟರು. ನೀವೂ ಹಾಗೇ ಮಾಡಿ.

ಬೆಳಿಗ್ಗೆ ಎದ್ದು, ಮೂತ್ರಕ್ಕೆ ಹೋಗಿ ಬನ್ನಿ. ಇನ್ನೂ ಕಾಫಿ ಟೀ ಕುಡಿದಿರಬಾರದು. ಬೀಡಿ ಸೇದಿರಬಾರದು. ಮಾತ್ರೆಯನ್ನೂ ನುಂಗಿರಬಾರದು. ಕುರ್ಚಿಗೆ ಬೆನ್ನು ಆನಿಸಿ ಕೂತುಕೊಳ್ಳಿ. ಕಾಲು ನೆಲಕ್ಕೆ ಊರಿರಲಿ. ಕಾಲ ಮೇಲೆ ಕಾಲು ಹಾಕಬೇಡಿ. ಐದು ನಿಮಿಷ ಸುಮ್ಮನಿರಿ. ಕೈಯನ್ನು ಮೇಜಿನ ಮೇಲೋ ದಿಂಬಿನ ಮೇಲೋ ಇಡಿ. ಪಟ್ಟಿ ಎದೆಯ ಮಟ್ಟಕ್ಕೆ ಬರಬೇಕು. ಅಂಗಿಯ ಮೇಲೆ ಕಟ್ಟಬೇಡಿ, ಬರಿ ತೋಳಿಗೆ ಕಟ್ಟಿ. ಮೆಷಿನ್ ನಡೆಯುವಾಗ ಮಾತಾಡಬೇಡಿ.

ಒಂದು ಸಲ ನೋಡಿ. ಒಂದು ನಿಮಿಷ ಬಿಟ್ಟು ಇನ್ನೊಂದು ಸಲ ನೋಡಿ. ಎರಡನ್ನೂ ಬರೆಯಿರಿ. ಸಂಜೆಯೂ ಹೀಗೇ ಮಾಡಿ. ಡಾಕ್ಟರ ಹತ್ತಿರ ಹೋಗುವ ಮೊದಲು ಒಂದು ವಾರ ಹೀಗೆ ಬರೆದರೆ ಸಾಕು. ವರ್ಷವಿಡೀ ದಿನಾ ನೋಡಬೇಕಾಗಿಲ್ಲ. ಮೊದಲ ದಿನದ್ದನ್ನು ಬಿಟ್ಟು ಉಳಿದ ದಿನಗಳ ಸರಾಸರಿ ತೆಗೆಯುತ್ತಾರೆ. ಮನೆಯಲ್ಲಿ ನೋಡಿದ ಸರಾಸರಿ 135, 85ಕ್ಕಿಂತ ಕೆಳಗಿರಬೇಕು. ಮನೆಯ ಲೆಕ್ಕ ಆಸ್ಪತ್ರೆಯ ಲೆಕ್ಕಕ್ಕಿಂತ ಸ್ವಲ್ಪ ಬಿಗಿ.

ಒಂದು ದಿನ 118 ಬಂತು ಅಂತ ಮಾತ್ರೆ ಬಿಡಬೇಡಿ. ಒಂದು ದಿನ 146 ಬಂತು ಅಂತ ಎರಡು ಮಾತ್ರೆ ನುಂಗಬೇಡಿ. ಬಿಪಿ ದಿನವಿಡೀ ಏರಿಳಿಯುತ್ತದೆ. ವಾರದ ಲೆಕ್ಕವೇ ಲೆಕ್ಕ. ಆದರೆ 180 ಅಥವಾ 120 ದಾಟಿದರೆ ಐದು ನಿಮಿಷ ಕೂತು ಮತ್ತೆ ನೋಡಿ. ಹಾಗೇ ಇದ್ದರೆ ಆವತ್ತೇ ಆಸ್ಪತ್ರೆಗೆ ಹೋಗಿ. ಜೊತೆಗೆ ಎದೆನೋವು, ಏದುಸಿರು, ಕಣ್ಣು ಮಂಜು ಇದ್ದರೆ ಕಾಯಬೇಡಿ, ಕೂಡಲೇ ಹೊರಡಿ.

ಇನ್ನೊಂದು ಮಾತು. ಪರೀಕ್ಷೆಗೆ ಹೋಗುವ ದಿನ ಕೆಲವರು ಮಾತ್ರೆ ನುಂಗದೆ ಹೋಗುತ್ತಾರೆ. "ನಿಜವಾದ ಬಿಪಿ ಗೊತ್ತಾಗ್ಲಿ" ಅಂತಾರೆ. ಡಾಕ್ಟರಿಗೆ ತಿಳಿಯಬೇಕಾದದ್ದು ಮಾತ್ರೆ ಸಾಕಾಗಿದೆಯೇ ಅನ್ನುವುದು. ಆದ್ದರಿಂದ ಎಂದಿನ ಹಾಗೆ ನುಂಗಿಯೇ ಹೋಗಿ.

ಕಾಲು ಊದಿತು ಅಂದರೆ?

ಮಿಲ್ಲಣ್ಣ ಆಮೇಲೆ ಮೆಲ್ಲಗೆ ಇನ್ನೊಂದು ವಿಷಯ ಹೇಳಿದರು.

"ಸಿಸ್ಟರ್, ನಿಜ ಹೇಳ್ತೀನಿ. ಮಾತ್ರೆ ತಗೊಳ್ಳೋವಾಗ ಸಂಜೆ ಹೊತ್ತಿಗೆ ಕಾಲು ಊದ್ತಾ ಇತ್ತು. ಚಪ್ಪಲಿ ಬಿಗಿ ಆಗೋದು. ಕಿಡ್ನಿಗೆ ಏನೋ ಆಗ್ತಿದೆ ಅಂತ ಹೆದರಿದ್ದೆ. ಅದಕ್ಕೂ ಬಿಟ್ಟೆ."

"ಇದನ್ನ ಮೊದಲೇ ಹೇಳ್ಬಾರ್ದಿತ್ತಾ ಅಣ್ಣ?" ಅಂದರು ಸಿಸ್ಟರ್.

ಅಮ್ಲೋಡಿಪಿನ್ ತಗೊಳ್ಳುವ ಕೆಲವರಿಗೆ ಪಾದ, ಹಿಮ್ಮಡಿ ಗಂಟಿನ ಹತ್ತಿರ ಊದುತ್ತದೆ. ನಾಳ ಅಗಲವಾದಾಗ ಸ್ವಲ್ಪ ನೀರು ಹೊರಗೆ ಜಿನುಗಿ ಅಲ್ಲಿ ನಿಲ್ಲುತ್ತದೆ. ಮಾತ್ರೆಯಿಂದ ಕಿಡ್ನಿ ಕೆಟ್ಟಿತು ಅಂತ ಅದರ ಅರ್ಥವಲ್ಲ. ಕಿಡ್ನಿ ಕೆಡುವುದು ಬಿಪಿ ಏರಿಯೇ ಇದ್ದರೆ. ಆದರೂ ಊತಕ್ಕೆ ಬೇರೆ ಕಾರಣವೂ ಇರಬಹುದು. ಅದಕ್ಕೇ ಡಾಕ್ಟರಿಗೆ ತೋರಿಸಬೇಕು. ಬಿಪಿಗೆ ಬೇರೆ ಬೇರೆ ಜಾತಿಯ ಮಾತ್ರೆಗಳಿವೆ. ಒಂದು ಒಗ್ಗದಿದ್ದರೆ ಇನ್ನೊಂದು ಕೊಡುತ್ತಾರೆ. ಒಗ್ಗದ ಮಾತ್ರೆ ಬದಲಾಯಿಸುವುದು ಬೇರೆ, ಮಾತ್ರೆಯನ್ನೇ ಬಿಡುವುದು ಬೇರೆ.

ಒಂದು ದಿನ ಮರೆತರೆ ಏನು ಮಾಡಬೇಕು? ಆವತ್ತೇ ನೆನಪಾದರೆ ಆಗಲೇ ನುಂಗಿ. ಮಾರನೆಯ ದಿನ ನೆನಪಾದರೆ ಆ ದಿನದ್ದು ಒಂದೇ ನುಂಗಿ. ಎರಡು ಸೇರಿಸಿ ನುಂಗಬೇಡಿ.

ಎದ್ದು ನಿಂತಾಗ ಕಣ್ಣು ಕತ್ತಲಾದರೆ, ಅಥವಾ ಮೇಲಿನ ಅಂಕಿ 100ಕ್ಕಿಂತ ಕೆಳಗೆ ಬರುತ್ತಿದ್ದರೆ ಡಾಕ್ಟರಿಗೆ ಹೇಳಿ. ವಾಂತಿ ಭೇದಿ ಜೋರಾಗಿ ಮೈ ನೀರು ಕಳೆದುಕೊಂಡಾಗಲೂ ಮಾತ್ರೆಯ ವಿಷಯ ಆವತ್ತೇ ಕೇಳಿ. ಆಗ ಅವರು ಕೆಲವು ದಿನ ನಿಲ್ಲಿಸಿ ಅನ್ನಬಹುದು.

ಸಾಯುವ ತನಕ ನುಂಗಬೇಕಾ?

ಇದನ್ನು ಮಿಲ್ಲಣ್ಣ ಡಾಕ್ಟರನ್ನೇ ಕೇಳಿದರು. ಡಾಕ್ಟರು ಹೀಗೆ ಹೇಳಿದರು:

"ಬಹಳ ಜನ ನುಂಗಲೇಬೇಕಾಗುತ್ತೆ. ಕೆಲವರಿಗೆ ಕಡಿಮೆ ಮಾಡಬಹುದು. ತೂಕ ಹೆಚ್ಚಿದ್ದವರು ಇಳಿಸಿದರೆ, ಉಪ್ಪು ಕಡಿಮೆ ಮಾಡಿದರೆ, ಹೆಂಡ ಬಿಟ್ಟರೆ, ತಿಂಗಳುಗಟ್ಟಲೆ ಬಿಪಿ ಚೆನ್ನಾಗೇ ಇದ್ದರೆ ನಾವೇ ಮಾತ್ರೆ ಇಳಿಸಿ ನೋಡ್ತೀವಿ. ಇಳಿಸಿದ ಮೇಲೆ ವಾರ ವಾರ ಬಿಪಿ ನೋಡ್ತೀವಿ. ಹಾಗೆ ಬಿಟ್ಟವರಲ್ಲೂ ಬಹಳ ಜನರಿಗೆ ಆಮೇಲೆ ಮತ್ತೆ ಬೇಕಾಗುತ್ತೆ. ನೀವು ಮಾಡಿದ್ದಕ್ಕೂ ನಾವು ಮಾಡೋದಕ್ಕೂ ವ್ಯತ್ಯಾಸ ಇಷ್ಟೇ. ನೀವು ಕಲ್ಲು ತೆಗೆದು ಮನೆಗೆ ಹೋದ್ರಿ. ನಾವು ಕಲ್ಲು ಸ್ವಲ್ಪ ಸರಿಸಿ ಅಲ್ಲೇ ನಿಂತು ನೋಡ್ತೀವಿ."

ಉಪ್ಪು ಎಷ್ಟು ಅಂತ ಮಿಲ್ಲಣ್ಣನ ಹೆಂಡತಿ ಕೇಳಿದರು. ಒಬ್ಬರಿಗೆ ದಿನಕ್ಕೆ ಎಲ್ಲ ಸೇರಿ 5 ಗ್ರಾಂಗಿಂತ ಕಡಿಮೆ. ಅಂದರೆ ಒಂದು ಟೀ ಚಮಚಕ್ಕಿಂತ ಕಡಿಮೆ. ಸಾರಿನ ಉಪ್ಪು, ಉಪ್ಪಿನಕಾಯಿ, ಹಪ್ಪಳ, ಅಂಗಡಿಯ ಖಾರಾಸೇವೆ ಎಲ್ಲ ಅದರಲ್ಲೇ ಬರಬೇಕು.

ಈಗ ಮಿಲ್ಲಣ್ಣ ಹೇಗಿದ್ದಾರೆ?

ಡಾಕ್ಟರು ಅಮ್ಲೋಡಿಪಿನ್ ಬದಲಿಗೆ ಟೆಲ್ಮಿಸಾರ್ಟಾನ್ ಅನ್ನುವ ಮಾತ್ರೆ ಕೊಟ್ಟರು. 40 ಮಿಲಿಗ್ರಾಂ, ದಿನಕ್ಕೆ ಒಂದು. ಅದನ್ನು ಕೊಡುವಾಗ ಮತ್ತೊಮ್ಮೆ ರಕ್ತ ಪರೀಕ್ಷೆ ಮಾಡಿಸಿದರು. ಈ ಮಾತ್ರೆಯನ್ನು ಗರ್ಭಿಣಿಯರು ತಗೊಳ್ಳಬಾರದು. ಆದ್ದರಿಂದ ಒಬ್ಬರ ಮಾತ್ರೆಯನ್ನು ಇನ್ನೊಬ್ಬರಿಗೆ ಕೊಡಬೇಡಿ ಅಂತಲೂ ಹೇಳಿದರು.

ಮಿಲ್ಲಣ್ಣನ ಕಾಲಿನ ಊತ ಈಗ ಇಲ್ಲ. ಒಂದು ವಾರದ ಬೆಳಗಿನ ಮತ್ತು ಸಂಜೆಯ ಲೆಕ್ಕ ತೆಗೆದಾಗ ಸರಾಸರಿ 130, 82 ಬಂತು. ಮಾತ್ರೆ ಚೀಟಿಯನ್ನು ಹಲ್ಲುಜ್ಜುವ ಬ್ರಷ್ಷಿನ ಡಬ್ಬಿಯಲ್ಲೇ ಇಟ್ಟುಕೊಂಡಿದ್ದಾರೆ. ಚೀಟಿಯಲ್ಲಿ ಐದು ಮಾತ್ರೆ ಉಳಿದಾಗ ಆರೋಗ್ಯ ಕೇಂದ್ರಕ್ಕೆ ಹೊರಡುತ್ತಾರೆ. ಪೂರ್ತಿ ಮುಗಿಯುವ ತನಕ ಕಾಯುವುದಿಲ್ಲ.

ಮೊನ್ನೆ ರಾಗಿ ಬೀಸಿಸಲು ಬಂದ ಒಬ್ಬರು ಅವರನ್ನು ಕೇಳಿದರು.

"ಏನ್ ಮಿಲ್ಲಣ್ಣ, ಬಿಪಿ ನಾರ್ಮಲ್ ಅಂತೀಯ, ಮತ್ತೆ ಮಾತ್ರೆ ಯಾಕೆ ನುಂಗ್ತೀಯ?"

ಮಿಲ್ಲಣ್ಣ ಹೊರಗೆ ನಿಂತಿದ್ದ ಗಾಡಿ ತೋರಿಸಿದರು.

"ಆ ಚಕ್ರದ ಕಲ್ಲು ತೆಗೆದು ಬಾ, ಆಮೇಲೆ ಹೇಳ್ತೀನಿ."

ನೆನಪಿಡಿ

ಮಾತ್ರೆ ನುಂಗುವಾಗ ಬಿಪಿ ಸರಿ ಇದ್ದರೆ, ಮಾತ್ರೆ ಕೆಲಸ ಮಾಡುತ್ತಿದೆ ಅಂತ ಅರ್ಥ. ಕಾಯಿಲೆ ಹೋಯಿತು ಅಂತ ಅರ್ಥವಲ್ಲ.

ಮಾತ್ರೆ ಬಿಟ್ಟ ಮೇಲೆ ಕೆಲವು ದಿನ ಅಂಕಿ ಸರಿಯಾಗೇ ಕಾಣಬಹುದು. ಅದನ್ನು ನಂಬಬೇಡಿ.

ಮಾತ್ರೆ ಒಗ್ಗದಿದ್ದರೆ ಡಾಕ್ಟರಿಗೆ ಹೇಳಿ. ಇಳಿಸುವುದು, ಬದಲಿಸುವುದು ಅವರ ಕೆಲಸ.

ಮಾತಾಡೋಣ

1. ಮಾತ್ರೆ ಬಿಟ್ಟ ಮೂರು ದಿನ ಮಿಲ್ಲಣ್ಣನ ಬಿಪಿ ಯಾಕೆ ಏರಲಿಲ್ಲ?
2. ಮಧ್ಯಾಹ್ನ ಮಲಗಿ ಎದ್ದು ಬಿಪಿ ನೋಡಿದರೆ ಏನು ತಪ್ಪು?
3. ನಿಮ್ಮ ಮನೆಯಲ್ಲಿ, ಬೀದಿಯಲ್ಲಿ ಬಿಪಿ ಮಾತ್ರೆ ಬಿಟ್ಟವರು ಇದ್ದಾರೆಯೇ? ಯಾಕೆ ಬಿಟ್ಟರು ಅಂತ ಕೇಳಿ ಬನ್ನಿ. ಅವರು ಹೇಳಿದ್ದನ್ನು ಬರೆಯಿರಿ.